ಮೂರು ಬಳೆ, ಒಂದು ಬಾವಲಿ: ಅರಿವು ಕೇಂದ್ರದ ಗೋಡೆಗೆ ವೆನ್ ಚಿತ್ರ ಮಾಡಿದ್ದು

"ಬಾವಲಿ ಎಲ್ಲಿದೆ ತೋರ್ಸು" ಅಂದೆ. ನಾಲ್ಕನೇ ಕ್ಲಾಸಿನ ಹುಡುಗ ಸರಿಯಾಗಿಯೇ ಬೆರಳಿಟ್ಟ. ಕೆಂಪು ವೃತ್ತ ಮತ್ತು ನೀಲಿ ವೃತ್ತ ಒಂದರ ಮೇಲೊಂದು ಬಿದ್ದ ಜಾಗ ಅದು.

"ಹಾಗಾದ್ರೆ ಬಾವಲಿ ಹಾರುತ್ತಾ?"

"ಇಲ್ಲ ಮಾಮ."

"ಯಾಕೋ? ಸಂಜೆ ಹೊತ್ತು ನೋಡಿಲ್ವಾ?"

"ನೋಡಿದೀನಿ. ಆದ್ರೆ ಇಲ್ಲಿ 'ಹಾರುವವು' ಅಂತ ಆ ಕಡೆ ಬರ್ದಿದೆ. ಬಾವಲಿ ಈ ಕಡೆ ಇದೆ."

ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಫ್ಲೆಕ್ಸು. ಪ್ರಿಂಟ್ ಹಾಕಿಸಿ, ಗೋಡೆಗೆ ಹೊಡೆದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಹುಡುಗನದು ತಪ್ಪಲ್ಲ. ಅವನು ಓದಿದ್ದನ್ನೇ ಹೇಳಿದ. ತಪ್ಪಾಗಿ ಬರೆದವನು ನಾನು.

ನನ್ನದು ಡಿಟಿಪಿ ಮತ್ತು ಬೋರ್ಡು ಬರೆಯುವ ಕೆಲಸ. ನಮ್ಮೂರ ಅರಿವು ಕೇಂದ್ರದ ಅಕ್ಕ ಮಕ್ಕಳ ಮೂಲೆಗೆ ಏನಾದರೂ ಮಾಡಿಕೊಡಿ ಅಂದಿದ್ದರು. ಪ್ರಾಣಿಗಳನ್ನು ಮೂರು ಗುಣದ ಮೇಲೆ ವಿಂಗಡಿಸುವ ಚಿತ್ರ ಅಂತ ನಾನೇ ಒಪ್ಪಿಕೊಂಡೆ. ಹಾರುವವು ಕೆಂಪು, ಮೊಟ್ಟೆ ಇಡುವವು ಹಳದಿ, ಹಾಲು ಕುಡಿಸುವವು ನೀಲಿ. ಮೂರು ವೃತ್ತ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಸೇರಿಸಿದರೆ ಮುಗೀತು ಅಂದುಕೊಂಡಿದ್ದೆ. ಮುಗಿಯಲು ಆರು ಶನಿವಾರ ಹಿಡಿಯಿತು.

ಫ್ಲೆಕ್ಸಿನಲ್ಲಿ ಏನೇನು ಕೆಟ್ಟಿತ್ತು

ಮೊದಲನೆಯದು ಹೆಸರು ಇಟ್ಟ ಜಾಗ. ಎಲ್ಲರೂ ಮಾಡುವ ಹಾಗೆ ನಾನೂ ವೃತ್ತದ ಹೆಸರನ್ನು ವೃತ್ತದ ಒಳಗೆ, ಖಾಲಿ ಜಾಗ ಜಾಸ್ತಿ ಇರುವ ಕಡೆ ಬರೆದಿದ್ದೆ. ಖಾಲಿ ಜಾಗ ಇರುವುದು ಹೊರಗಿನ ಬಾಳೆಹಣ್ಣಿನ ಆಕಾರದ ತುಂಡಿನಲ್ಲಿ. ಆ ತುಂಡಿನ ಅರ್ಥ 'ಹಾರುವವು' ಅಲ್ಲ. 'ಹಾರುತ್ತವೆ, ಆದರೆ ಉಳಿದೆರಡೂ ಮಾಡುವುದಿಲ್ಲ' ಅಂತ. ಇಡೀ ವೃತ್ತದ ಹೆಸರನ್ನು ತಂದು ಅದರ ಒಂದು ತುಂಡಿಗೆ ಅಂಟಿಸಿದ್ದೆ. ನೋಡುವವನ ಕಣ್ಣಿಗೆ ಅಲ್ಲಿರುವುದು ಮೂರು ವೃತ್ತ ಅಲ್ಲ, ಏಳು ತುಂಡು. ಪ್ರತಿ ತುಂಡಿಗೂ ತನ್ನೊಳಗೆ ಏನು ಬರೆದಿದೆಯೋ ಅದೇ ಹೆಸರು ಅಂದುಕೊಳ್ಳುತ್ತಾನೆ.

ಎರಡನೆಯದು, ಎರಡು ವೃತ್ತ ಒಂದರ ಮೇಲೊಂದು ಬಿದ್ದ ಜಾಗದಲ್ಲಿ ನಾನು ಉದಾಹರಣೆಯೊಂದನ್ನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕೆಂಪು-ನೀಲಿಯಲ್ಲಿ 'ಬಾವಲಿ', ಹಳದಿ-ನೀಲಿಯಲ್ಲಿ, ಮೊಟ್ಟೆಯಿಟ್ಟು ಮರಿಗೆ ಹಾಲನ್ನೂ ಕುಡಿಸುವ 'ಪ್ಲಾಟಿಪಸ್'. ಒಬ್ಬಳು ಹುಡುಗಿ ಕೇಳಿದಳು, "ಈ ಜಾಗದ ಹೆಸರು ಬಾವಲೀನಾ ಮಾಮ?" ವೃತ್ತದ ಹೆಸರೂ ಪ್ರಾಣಿಯ ಹೆಸರೂ ಒಂದೇ ಅಕ್ಷರ, ಒಂದೇ ಸೈಜು. ಯಾವುದು ಪೆಟ್ಟಿಗೆ, ಯಾವುದು ಒಳಗಿನ ಸಾಮಾನು ಅಂತ ಹೇಗೆ ಗೊತ್ತಾಗಬೇಕು?

ಮೂರನೆಯದು ಬಣ್ಣ. ಕಂಪ್ಯೂಟರ್ ಪರದೆಯಲ್ಲಿ ಅರ್ಧ ಪಾರದರ್ಶಕ ಕೆಂಪು, ಹಳದಿ, ನೀಲಿ ಚೆನ್ನಾಗಿಯೇ ಕಾಣುತ್ತಿದ್ದವು. ಫ್ಲೆಕ್ಸಿನಲ್ಲಿ ಮೂರೂ ಸೇರುವ ನಡುಭಾಗ ಕೆಸರಿನ ಬಣ್ಣಕ್ಕೆ ಬಂತು. ಅದರ ಮೇಲೆ ಕಪ್ಪು ಅಕ್ಷರ ಎರಡು ಮಾರು ದೂರದಿಂದ ಕಾಣಲೇ ಇಲ್ಲ. ಕೆಂಪು, ನೀಲಿ ಸೇರಿದ್ದು ನೇರಳೆ ಆಯಿತು. ಮಕ್ಕಳು ಅದನ್ನು ನೇರಳೆ ಬಣ್ಣದ ನಾಲ್ಕನೇ ಗುಂಪು ಅಂದುಕೊಂಡರು. ಎರಡು ಬಣ್ಣ ಸೇರಿ ಹೊಸ ಬಣ್ಣ ಬಂದರೆ ಕಣ್ಣಿಗೆ ಅದು ಹೊಸದೇ. 'ಕೆಂಪೂ ಹೌದು, ನೀಲಿಯೂ ಹೌದು' ಅಂತ ಯಾರೂ ಓದಲ್ಲ.

ಫ್ಲೆಕ್ಸನ್ನು ಬಿಚ್ಚಿ ಮನೆಗೆ ತಂದೆ. ಈಗ ಸೌದೆ ಮೇಲೆ ಹೊದೆಸಿದ್ದೇವೆ, ಮಳೆಗೆ ಒಳ್ಳೆಯದಾಗಿದೆ.

ಡ್ರಿಪ್ ಪೈಪಿನ ಬಳೆ

ಬಣ್ಣ ತುಂಬುವುದೇ ಬೇಡ, ಗೆರೆಗೆ ಮಾತ್ರ ಬಣ್ಣ ಕೊಡೋಣ ಅಂತ ತೀರ್ಮಾನಿಸಿದೆ. ಗೆರೆಯೂ ಬರೀ ಗೆರೆಯಾಗಿರದೆ ಕೈಗೆ ಸಿಗುವ ಹಾಗಿರಬೇಕು. ಒಂದು ವೃತ್ತ ಪೂರ್ತಿ ಒಂದೇ ಅಂತ ಬೆರಳು ಓಡಿಸಿಯೇ ಗೊತ್ತಾಗಬೇಕು. ಮೊದಲು ಹಳೆಯ ಸೈಕಲ್ ರಿಮ್ ನೋಡಿದೆ. ಮೂರು ರಿಮ್ ಒಂದರ ಮೇಲೊಂದು ಕೂತರೆ ಮೇಲಿನದು ಹಲಗೆಯಿಂದ ಬಹಳ ಎದ್ದು ನಿಲ್ಲುತ್ತದೆ. ಪಕ್ಕದಿಂದ ನೋಡಿದವರಿಗೆ, ಒಳಗೆ ನೇತುಹಾಕುವ ಪ್ರಾಣಿಯ ಕಾರ್ಡು ಯಾವುದರ ಒಳಗಿದೆ ಅನ್ನುವುದೇ ತಿಳಿಯಲ್ಲ. ಬಿಟ್ಟೆ.

ತೋಟದಲ್ಲಿ ಉಳಿದಿದ್ದ 16 ಮಿ.ಮೀ. ಡ್ರಿಪ್ ಪೈಪು ಸಿಕ್ಕಿತು. ಸುರುಳಿ ಸುತ್ತಿಟ್ಟಿದ್ದರಿಂದ ತಾನಾಗೇ ಬಾಗಿತ್ತು, ಅರ್ಧ ಕೆಲಸ ಆದಂತೆಯೇ. 60 ಸೆಂ.ಮೀ. ಅಡ್ಡಗಲದ ಬಳೆಗೆ ಬೇಕಾದ ಉದ್ದ ಸುಮಾರು 188 ಸೆಂ.ಮೀ. ಅಳತೆ ಮಾಡಿ ಮೂರು ತುಂಡು ಕತ್ತರಿಸಿ, ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಜಾಯಿನರ್ ತೂರಿಸಿದೆ. ಆಮೇಲೆ ಎಲೆಕ್ಟ್ರಿಷಿಯನ್ ಟೇಪು. ಕೆಂಪು, ಹಳದಿ, ನೀಲಿ. ಮೂರು ಫೇಸಿಗೆ ಬಳಸುವ ಅದೇ ಮೂರು ಬಣ್ಣ, ಅದಕ್ಕೇ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಟೇಪನ್ನು ಎಳೆದು ಬಿಗಿಯಾಗಿ ಸುತ್ತಿದರೆ ಎರಡು ದಿನಕ್ಕೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯ ಒಂದು ಸುತ್ತನ್ನಾದರೂ ಎಳೆಯದೆ ಸುಮ್ನೆ ಒತ್ತಿ ಕೂರಿಸಬೇಕು.

ಮೂರು ಬಳೆ ಒಂದಕ್ಕೊಂದು ಆರು ಕಡೆ ಅಡ್ಡ ಹಾಯುತ್ತವೆ. ಅಲ್ಲಿ ಪೈಪಿನ ಮೇಲೆ ಪೈಪು ಏರಿ ಉಬ್ಬುತ್ತದೆ. ಮೇಲೆ ಬರುವ ಪೈಪಿನ ಕೆಳಭಾಗವನ್ನು ಅಷ್ಟಗಲಕ್ಕೆ ಅರ್ಧ ಕತ್ತರಿಸಿ ಕಚ್ಚು ಮಾಡಿದೆ. ಒಂದರ ಮೇಲೊಂದು ಕೂತಿತು. ಮುಂದಿನಿಂದ ನೋಡಿದರೆ ಬಣ್ಣ ಎಲ್ಲೂ ಕಡಿಯುವುದಿಲ್ಲ. ಇದು ಮುಖ್ಯ. ಅಡ್ಡ ಹಾಯುವಲ್ಲಿ ಮೇಲಿನ ಬಳೆ ಕಡಿದಂತೆ ಕಂಡರೆ ಮತ್ತೆ ಏಳು ತುಂಡಿನ ಕಥೆಯೇ.

ನಡುಬಿಂದುಗಳ ನಡುವೆ ಎಷ್ಟು ಅಂತರ

4 ಅಡಿಗೆ 4 ಅಡಿ ಪ್ಲೈವುಡ್ಡಿಗೆ ಬಿಳಿ ಬಣ್ಣ ಹೊಡೆದು, ಮೊಳೆಗೆ ದಾರ ಕಟ್ಟಿ ಪೆನ್ಸಿಲ್ಲಿನಲ್ಲಿ ವೃತ್ತ ಹಾಕಿದೆ. ಮೂರು ನಡುಬಿಂದುಗಳು ಸಮಬಾಹು ತ್ರಿಭುಜದ ಮೂಲೆಗಳು. ಪುಸ್ತಕದಲ್ಲಿ ಬರುವಂತೆ ಒಂದು ವೃತ್ತದ ಗೆರೆ ಇನ್ನೊಂದರ ನಡುಬಿಂದುವಿನ ಮೇಲೆ ಹಾಯುವ ಹಾಗೆ, ಅಂದರೆ 30 ಸೆಂ.ಮೀ. ಅಂತರ ಇಟ್ಟೆ. ಕಣ್ಣಿಗೆ ಚೆಂದ. ಆದರೆ ಮೂರೂ ಸೇರುವ ನಡುಭಾಗವೇ, ಎರಡೇ ವೃತ್ತ ಸೇರುವ ಜೋಡಿ ಭಾಗಗಳಿಗಿಂತ ದೊಡ್ಡದಾಯಿತು. ಲೆಕ್ಕ ಹಾಕಿದರೆ ನಡುಭಾಗ ಸುಮಾರು 630 ಚದರ ಸೆಂ.ಮೀ., ಒಂದೊಂದು ಜೋಡಿ ಭಾಗ 470.

ನನಗೆ ಬೇಕಿದ್ದದ್ದು ತದ್ವಿರುದ್ಧ. ಹಾರಿಕೊಂಡು, ಮೊಟ್ಟೆಯನ್ನೂ ಇಟ್ಟು, ಹಾಲನ್ನೂ ಕುಡಿಸುವ ಪ್ರಾಣಿ ಯಾವುದೂ ಇಲ್ಲ. ನಡುಭಾಗ ಖಾಲಿ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಜಾಗ ಯಾಕೆ ಕೊಡಬೇಕು?

ಅಂತರವನ್ನು 36 ಸೆಂ.ಮೀ.ಗೆ ಏರಿಸಿದೆ. ಇಲ್ಲಿ ಒಂದು ಮಜಾ ಇದೆ. ನಡುಭಾಗ 630ರಿಂದ ಸುಮಾರು 350ಕ್ಕೆ ಇಳಿಯಿತು, ಅರ್ಧದ ಹತ್ತಿರ. ಜೋಡಿ ಭಾಗ ಮಾತ್ರ 470ರಿಂದ 450ಕ್ಕೆ ಬಂತು, ಅಷ್ಟೇ. ಹೊರಗಿನಿಂದ ಕಳೆದುಕೊಂಡದ್ದನ್ನು ಒಳಗಿನಿಂದ ಗಳಿಸಿಕೊಂಡಿತು. ಈಗ ಒಂದೊಂದು ಜೋಡಿ ಭಾಗ ತಳದಲ್ಲಿ ಸುಮಾರು 24 ಸೆಂ.ಮೀ. ಅಗಲ, ಚೂಪಾದ ತುದಿಯವರೆಗೆ 25 ಸೆಂ.ಮೀ. ಉದ್ದ. ಹೆಸರು ಬರೆದ ಒಂದು ಪಟ್ಟಿ, 6 ಸೆಂ.ಮೀ. ಚೌಕದ ಮೂರು ಕಾರ್ಡು ಆರಾಮಾಗಿ ಕೂರುತ್ತವೆ. ಮೂರೂ ಬಳೆ ಸೇರಿ 96 ಸೆಂ.ಮೀ. ಅಗಲ. ಹಲಗೆಯಲ್ಲಿ ಸುತ್ತ ಅರ್ಧ ಗೇಣಿಗೆ ಸ್ವಲ್ಪ ಜಾಸ್ತಿ ಜಾಗ ಉಳಿಯಿತು. ಅದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಖಾಲಿ ನಡುಭಾಗವನ್ನು ಇಡುವುದೇ ಬೇಡ, ಇನ್ನೂ ದೂರ ಸರಿಸಿಬಿಡಿ ಅಂತ ಅಕ್ಕ ಅಂದರು. ಒಳ್ಳೆ ಮಾತೇ. ಈ ಚಿತ್ರಕ್ಕೆ ತನ್ನ ಹೆಸರು ಕೊಟ್ಟ ಜಾನ್ ವೆನ್‌ಗಿಂತ ಮೊದಲು ಗಣಿತಜ್ಞ ಆಯ್ಲರ್ ಬಳಸುತ್ತಿದ್ದದ್ದು ಆ ಥರದ ಚಿತ್ರವನ್ನೇ. ಇಲ್ಲದ್ದಕ್ಕೆ ಜಾಗವನ್ನೂ ಇಡುವುದಿಲ್ಲ. ಮಾಡಿ ನೋಡಿದೆ. ನಡುಭಾಗ ಪೂರ್ತಿ ಮಾಯವಾಗಬೇಕಾದರೆ ಅಂತರ 52 ಸೆಂ.ಮೀ. ಮುಟ್ಟಬೇಕು. ಆಗ ಜೋಡಿ ಭಾಗದ ಅಗಲ ಉಳಿಯುವುದು 8 ಸೆಂ.ಮೀ. ಪೈಪಿನ ದಪ್ಪ ಕಳೆದರೆ ಒಂದು ಕಾರ್ಡೂ ಸರಿಯಾಗಿ ಕೂರಲ್ಲ. ಅದಕ್ಕಿಂತ ದೂರ ಸರಿಸಿದರೆ ಮಧ್ಯದಲ್ಲಿ ಮೂರೂ ಬಳೆಗಳ ಹೊರಗಿರುವ ಒಂದು ತೂತು ಹುಟ್ಟುತ್ತದೆ. ನೋಡಿದವರು ಅದನ್ನು ಎಲ್ಲದರ ಒಳಗೆ ಅಂತಲೇ ಓದುತ್ತಾರೆ. 36ಕ್ಕೇ ವಾಪಸ್ ಬಂದೆ.

'ಮತ್ತು' ಅನ್ನುವ ಮೋಸ

ಪೈಪು ಕೂತ ಮೇಲೆ ಪಟ್ಟಿ ಬರೆಯುವ ಕೆಲಸ. ವೃತ್ತದ ಹೆಸರುಗಳನ್ನು ಈ ಸಲ ಬಳೆಯ ಹೊರಗೆ, ಉಳಿದೆರಡು ಬಳೆಗಳಿಂದ ಆದಷ್ಟು ದೂರದ ಬದಿಗೆ, ಪೈಪಿಗೆ ತಾಗಿಸಿಯೇ ಹೊಡೆದೆ. ಪಟ್ಟಿಯ ಅಂಚಿಗೂ ಅದೇ ಬಣ್ಣದ ಟೇಪು. ಹೆಸರು ಈಗ ಯಾವ ತುಂಡಿನದೂ ಅಲ್ಲ, ಇಡೀ ಬಳೆಯದು. ಇಷ್ಟು ಬದಲಾವಣೆಗೇ "ಬಾವಲಿ ಹಾರುತ್ತಾ" ಪ್ರಶ್ನೆಗೆ ಸರಿ ಉತ್ತರ ಬರತೊಡಗಿತು. ಮಕ್ಕಳು ಬೆರಳನ್ನು ಕೆಂಪು ಪೈಪಿನ ಮೇಲೆ ಒಂದು ಸುತ್ತು ಓಡಿಸಿ, "ಹೂಂ, ಕೆಂಪು ಬಳೆ ಒಳಗಿದೆ, ಹಾರುತ್ತೆ" ಅಂದರು. ಬಳೆ ಅನ್ನುವ ಮಾತು ಅವರದ್ದೇ. ಅಲ್ಲಿಂದ ನಾನೂ ವೃತ್ತ ಅನ್ನುವುದನ್ನು ಬಿಟ್ಟೆ.

ಜೋಡಿ ಭಾಗಕ್ಕೆ ಮೊದಲು ಬರೆದದ್ದು 'ಹಾರುವವು ಮತ್ತು ಮೊಟ್ಟೆ ಇಡುವವು'. ಬರೆಯುವಾಗ ಏನೂ ಅನ್ನಿಸಲಿಲ್ಲ. ಕಾರ್ಡು ಕೊಟ್ಟು ನೇತುಹಾಕಿ ಅಂದಾಗ ಒಬ್ಬಳು ಕಾಗೆಯನ್ನೂ ಆಮೆಯನ್ನೂ ಬಾವಲಿಯನ್ನೂ ಅಲ್ಲೇ ಸಿಕ್ಕಿಸಿದಳು. ಕೇಳಿದರೆ, "ಹಾರುವವೂ ಬರಬಹುದು, ಮೊಟ್ಟೆ ಇಡುವವೂ ಬರಬಹುದು ಅಂತ ತಾನೇ ಬರ್ದಿರೋದು?" ಅಂದಳು. ನಿಜ. 'ಗಂಡಸರು ಮತ್ತು ಹೆಂಗಸರು' ಅಂತ ಬಸ್ ಸ್ಟ್ಯಾಂಡಿನಲ್ಲಿ ಬರೆದರೆ ಇಬ್ಬರೂ ಬರಬಹುದು ಅಂತ ಅರ್ಥ. ಗಂಡಸೂ ಹೆಂಗಸೂ ಆಗಿರುವವರು ಮಾತ್ರ ಬನ್ನಿ ಅಂತಲ್ಲ. ಎರಡು ನಾಮಪದಗಳ ನಡುವೆ 'ಮತ್ತು' ಹಾಕಿದರೆ ಎರಡು ಗುಂಪು ಕೂಡುತ್ತವೆ. ಗಣಿತದ ಮೇಷ್ಟ್ರ ಮಾತಿನಲ್ಲಿ ಹೇಳುವುದಾದರೆ ನಾನು ಛೇದನ ಗಣದ ಜಾಗದಲ್ಲಿ ಸಂಯೋಗ ಗಣದ ಬೋರ್ಡು ಹೊಡೆದಿದ್ದೆ.

ಮಧ್ಯೆ ಕೂಡಿಸುವ ಗುರುತು ಹಾಕಿ ನೋಡಿದೆ, ಅದೂ ಅದೇ ಕಥೆ. ಅಲ್ಪವಿರಾಮ ಹಾಕಿದರೆ ಪಟ್ಟಿ ಮಾಡಿದಂತೆ. ಸರಿಹೋದದ್ದು ಗುಂಪಿನ ಹೆಸರು ಬಿಟ್ಟು ಕ್ರಿಯಾಪದ ಹಿಡಿದಾಗ:

'ಹಾರುತ್ತವೆ, ಮೊಟ್ಟೆಯನ್ನೂ ಇಡುತ್ತವೆ.'

ಒಂದೇ ಪ್ರಾಣಿ, ಎರಡು ಕೆಲಸ. ಆ 'ಊ' ಇದೆಯಲ್ಲ, ಅದು ಇಲ್ಲಿ ಸಣ್ಣದಲ್ಲ. ಇದರ ಜೊತೆಗೆ ಅದನ್ನೂ ಅಂತ ಒಂದೇ ಅಕ್ಷರದಲ್ಲಿ ಹೇಳಿಬಿಡುತ್ತದೆ. ಹಾಗೆಯೇ 'ಹಾರುತ್ತವೆ, ಹಾಲನ್ನೂ ಕುಡಿಸುತ್ತವೆ', 'ಮೊಟ್ಟೆ ಇಡುತ್ತವೆ, ಹಾಲನ್ನೂ ಕುಡಿಸುತ್ತವೆ'. ಒಂದೇ ಬಳೆಯೊಳಗಿನ ತುಂಡುಗಳಿಗೆ ಇಲ್ಲದ್ದನ್ನೂ ಬರೆದೆ: 'ಹಾರುತ್ತವೆ. ಮೊಟ್ಟೆ ಇಡುವುದಿಲ್ಲ, ಹಾಲೂ ಕುಡಿಸುವುದಿಲ್ಲ.' ಉದ್ದವಾಯಿತು ಅಂತ ಅಕ್ಕ ಮುಖ ಮಾಡಿದರು. ಉದ್ದವಾಗಲಿ ಬಿಡಿ. ಇಲ್ಲ ಅನ್ನುವುದನ್ನು ಬರೆಯದಿದ್ದರೆ ಅದು ಇಲ್ಲ ಅಂತ ಯಾರೂ ಓದಲ್ಲ.

ಇಷ್ಟಾದ ಮೇಲೆ ಒಂದು ಶನಿವಾರ ಹೋಗಿ ನೋಡಿದರೆ ಕಾಗೆ, ಗುಬ್ಬಿಗಳ ನಡುವೆ ಒಂದು ಚೀಟಿ: 'ಎರಡು ಕಾಲು ಇದೆ'. ಅಕ್ಕನದೇ ಕೈಬರಹ. ಅವರ ತಲೆಯಲ್ಲಿದ್ದದ್ದು ಇನ್ನೊಂದು ಬಗೆಯ ಚಿತ್ರ. ಒಂದು ಬಳೆ ಕಾಗೆ, ಇನ್ನೊಂದು ಬಾವಲಿ, ಸೇರುವ ಜಾಗದಲ್ಲಿ ಎರಡಕ್ಕೂ ಇರುವ ಗುಣಗಳು. ಅದೂ ಒಳ್ಳೆಯ ಚಿತ್ರವೇ, ಎರಡೇ ಪ್ರಾಣಿ ಹೋಲಿಸುವಾಗ ಅದೇ ವಾಸಿ. ಆದರೆ ಅಲ್ಲಿ ಬಳೆ ಅಂದರೆ ಪ್ರಾಣಿ, ಒಳಗಿರುವುದು ಗುಣ. ಇಲ್ಲಿ ಬಳೆ ಅಂದರೆ ಗುಣ, ಒಳಗಿರುವುದು ಪ್ರಾಣಿ. ಎರಡನ್ನೂ ಒಂದೇ ಹಲಗೆಯ ಮೇಲೆ ಬೆರೆಸಿದರೆ ಯಾವುದನ್ನು ಹೇಗೆ ಓದಬೇಕೋ ಗೊತ್ತಾಗಲ್ಲ. ಅಂದಿನಿಂದ ಒಂದು ಕಟ್ಟುನಿಟ್ಟು: ಒಳಗೆ ನೇತಾಡುವ ಪ್ರತಿಯೊಂದೂ ಚಿತ್ರವಿರುವ ಚೌಕದ ಕಾರ್ಡು. ಮಾತು ಇರುವುದು ಬೂದು ಪಟ್ಟಿಯ ಮೇಲೆ, ಅದನ್ನು ಸ್ಕ್ರೂ ಹಾಕಿ ಬಿಗಿದಿದ್ದೇನೆ. ಅಲ್ಲಾಡುವುದು ಸಾಮಾನು, ಅಲ್ಲಾಡದ್ದು ಹೆಸರು.

ಕಪ್ಪೆ ಹಾರಿತು

ಆಮೇಲೆ ಗಲಾಟೆ ಎದ್ದದ್ದು ಕೆಂಪು ಬಳೆಯ ಹೆಸರಿನಿಂದ. ಕಪ್ಪೆಯನ್ನು ಕಾಗೆಯ ಪಕ್ಕ ತಂದು ಹಾಕಿದ್ದರು. ಕಪ್ಪೆ ಮೊಟ್ಟೆ ಇಡುತ್ತದೆ, ಹಾರುತ್ತದೆ, ಅಲ್ವಾ? ಹೌದಲ್ಲ! ನಮ್ಮ ಭಾಷೆಯಲ್ಲಿ ಗೋಡೆ ಹಾರುವುದೂ ಹಾರುವುದೇ, ಆಕಾಶದಲ್ಲಿ ಹಾರುವುದೂ ಹಾರುವುದೇ. ಕಾಂಗರೂ ಬಾವಲಿಯ ಪಕ್ಕ ಕೂತಿತ್ತು. ಮಲೆನಾಡಿನಿಂದ ಅಜ್ಜಿಮನೆಗೆ ಬಂದಿದ್ದ ಹುಡುಗನೊಬ್ಬ ಹಾರುಬೆಕ್ಕಿನ ಚಿತ್ರ ಬರೆದು ತಂದಿದ್ದ. ಅದು ರಾತ್ರಿ ಮರದಿಂದ ಮರಕ್ಕೆ ತೇಲುವ ದೊಡ್ಡ ಅಳಿಲು. ಚರ್ಮ ಹರಡಿ ಮೇಲಿನಿಂದ ಕೆಳಕ್ಕೆ ಜಾರುತ್ತದೆ, ನೆಲದಿಂದ ಹಾರಿ ಮೇಲೇರಲು ಅದಕ್ಕೆ ಬರುವುದಿಲ್ಲ. ಅಡಿಕೆ ಮರದ ಮೇಲಿರುವ ಹಾರುವ ಓತಿಯದೂ ಅದೇ ಪಾಡು.

ಕೆಂಪು ಪಟ್ಟಿಯನ್ನು 'ರೆಕ್ಕೆ ಬಡಿದು ಹಾರುವವು' ಅಂತ ತಿದ್ದಿದೆ. ಕಪ್ಪೆ, ಕಾಂಗರೂ, ಹಾರುಬೆಕ್ಕು, ಓತಿ ಒಂದೇ ಏಟಿಗೆ ಹೊರಬಿದ್ದವು. ಬಾವಲಿ ಉಳಿಯಿತು.

ನೀಲಿ ಬಳೆ ಇನ್ನೂ ಸತಾಯಿಸಿತು. 'ಮರಿಗೆ ಹಾಲು ಕುಡಿಸುವವು' ಅಂತ ಇತ್ತು. ಏಳನೇ ಕ್ಲಾಸಿನ ಹುಡುಗಿ ಪಾರಿವಾಳವನ್ನು ನಡುಭಾಗಕ್ಕೆ ತಂದು ಹಾಕಿ ಕೈಕಟ್ಟಿ ನಿಂತಳು. ಎಲ್ಲೋ ಓದಿದ್ದಾಳೆ. ಪಾರಿವಾಳ ಮರಿಗಳಿಗೆ ಗಂಟಲಚೀಲದಲ್ಲಿ ಮೊಸರಿನಂಥದ್ದನ್ನು ತಯಾರಿಸಿ ಕಕ್ಕಿ ಉಣಿಸುತ್ತದೆ, ಅದನ್ನು ಪಾರಿವಾಳದ ಹಾಲು ಅಂತಲೇ ಕರೆಯುತ್ತಾರೆ. ತಾಯಿ ಮಾತ್ರ ಅಲ್ಲ, ತಂದೆಯೂ ಉಣಿಸುತ್ತದೆ. ಹಾಗಾದರೆ ನಡುಭಾಗ ಖಾಲಿಯಲ್ಲ ಅನ್ನುವುದು ಅವಳ ವಾದ.

ಜಾಣತನ ತೋರಿಸಲು ಹೋಗಿ ನಾನು 'ಮೊಲೆಹಾಲು' ಅಂತ ತಿದ್ದಿದೆ. ಅದೂ ಕೆಟ್ಟಿತು. ಪ್ಲಾಟಿಪಸ್ಸಿಗೆ ಮೊಲೆತೊಟ್ಟೇ ಇಲ್ಲ. ಹಾಲು ಹೊಟ್ಟೆಯ ಚರ್ಮದಿಂದ ಒಸರುತ್ತದೆ, ಮರಿ ನೆಕ್ಕುತ್ತದೆ. ಮೊಲೆ ಅಂದರೆ ನಮ್ಮ ಜೋಡಿ ಭಾಗದ ನಾಯಕನೇ ಹೊರಗೆ! ಕೊನೆಗೆ ದೊಡ್ಡ ಅಕ್ಷರದಲ್ಲಿ 'ಮರಿಗೆ ಹಾಲು ಕುಡಿಸುವವು' ಅಂತಲೇ ಉಳಿಸಿ, ಕೆಳಗೆ ಸಣ್ಣದಾಗಿ 'ಹಾಲುಗ್ರಂಥಿಯ ಹಾಲು ಮಾತ್ರ. ಪಾರಿವಾಳದ ಗಂಟಲಚೀಲದ ಹಾಲು ಲೆಕ್ಕಕ್ಕಿಲ್ಲ' ಅಂತ ಬರೆದೆ. ಸುಮ್ನೆ 'ಸಸ್ತನಿಗಳು' ಅಂತ ಬರೆದಿದ್ದರೆ ಮುಗಿಯುತ್ತಿತ್ತು ಅಂತ ಅಕ್ಕ. ಮುಗಿಯುತ್ತಿತ್ತು. ಆದರೆ ಉಳಿದೆರಡು ಬಳೆಗಳು ಪ್ರಾಣಿ ಏನು ಮಾಡುತ್ತದೆ ಅಂತ ಹೇಳುತ್ತವೆ, ಇದೊಂದು ಯಾವ ಜಾತಿ ಅಂತ ಹೇಳಿದಂತಾಗುತ್ತಿತ್ತು. ಆ ಹುಡುಗಿಯ ಹೆಸರಿನಲ್ಲಿ ಪಾರಿವಾಳ ಕೆಂಪು-ಹಳದಿಯ ಜೋಡಿ ಭಾಗಕ್ಕೆ ಹೋಯಿತು.

ಖಾಲಿ ಜಾಗ, ಹೊರಗಿನ ಜಾಗ

ನಡುಭಾಗ ಖಾಲಿ ಬಿಟ್ಟರೆ ಮಕ್ಕಳ ಕೈ ಸುಮ್ಮನಿರಲ್ಲ. ಏನೂ ಬರೆಯದ ಜಾಗ ಅವರಿಗೆ 'ಇನ್ನೂ ಹುಡುಕಬೇಕು' ಅಂತ ಕಾಣುತ್ತದೆ. 'ಯಾವುದೂ ಇಲ್ಲ' ಮತ್ತು 'ಇನ್ನೂ ಹಾಕಿಲ್ಲ' ಎರಡೂ ಒಂದೇ ಥರ ಕಂಡರೆ ಚಿತ್ರ ಸುಳ್ಳು ಹೇಳಿದ ಹಾಗೆ. ವೆನ್ 1880ರಲ್ಲಿ ತನ್ನ ಚಿತ್ರಗಳನ್ನು ಮೊದಲು ಪ್ರಕಟಿಸಿದಾಗ ಇದಕ್ಕೊಂದು ದಾರಿ ಮಾಡಿದ್ದ. ಎಲ್ಲ ಭಾಗಗಳನ್ನೂ ಮೊದಲು ಬರೆಯುವುದು, ಆಮೇಲೆ ಖಾಲಿ ಅಂತ ಗೊತ್ತಾದದ್ದಕ್ಕೆ ಗೆರೆ ತುಂಬಿ ಮುಚ್ಚುವುದು. ಈಗಿನ ಪಠ್ಯಗಳಲ್ಲಿ ಗೆರೆ ತುಂಬಿದರೆ ಉತ್ತರ ಇಲ್ಲಿದೆ ಅಂತ ಅರ್ಥ, ಹಾಗಾಗಿ ದೊಡ್ಡ ಮಕ್ಕಳು ತಪ್ಪಾಗಿ ಓದಬಹುದು. ಬೂದು ಬಣ್ಣದ ಓರೆ ಗೆರೆ ಎಳೆದು, ಮೇಲೆ ಮಾತಿನಲ್ಲೇ ಬರೆದೆ: 'ಮೂರೂ ಮಾಡುವ ಪ್ರಾಣಿ ಯಾವುದೂ ಇಲ್ಲ.' ಅಲ್ಲಿ ಕೊಕ್ಕೆಯನ್ನೇ ಹಾಕಲಿಲ್ಲ. ಕೊಕ್ಕೆ ಇದ್ದರೆ ಏನೋ ಒಂದು ನೇತಾಡುತ್ತದೆ.

ಕೆಂಪು ಬಳೆಯ ಒಂಟಿ ತುಂಡೂ ಖಾಲಿಯೇ ಅಂದುಕೊಂಡಿದ್ದೆ. ರೆಕ್ಕೆ ಬಡಿದು ಹಾರಿ, ಮೊಟ್ಟೆಯನ್ನೂ ಇಡದೆ, ಹಾಲನ್ನೂ ಕುಡಿಸದೆ ಇರುವುದು ಏನಿದೆ? ಅವರೆ ಗಿಡಕ್ಕೆ ಹೇನು ಬಿದ್ದಾಗ ಹೊಳೆಯಿತು. ಸಸ್ಯಹೇನಿನ ಹೆಣ್ಣು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಗಿಡದಲ್ಲಿ ಜಾಗ ಸಾಲದಾದಾಗ ರೆಕ್ಕೆ ಇರುವ ಹೆಣ್ಣುಗಳು ಹುಟ್ಟಿ ಹಾರಿಹೋಗಿ ಬೇರೆ ಗಿಡದಲ್ಲಿ ಮರಿ ಹಾಕುತ್ತವೆ. ಅಷ್ಟು ದೊಡ್ಡ ತುಂಡಿನಲ್ಲಿ ಒಂದೇ ಒಂದು ಕಾರ್ಡು. "ಜಾಗ ದೊಡ್ಡದಾದ್ರೆ ಪ್ರಾಣಿನೂ ಜಾಸ್ತಿ ಇರ್ಬೇಕಲ್ವಾ?" ಅಂತ ಒಬ್ಬ ಕೇಳಿದ. ಇಲ್ಲ. ಜಾಗದ ಅಳತೆ ನಾನು ಪೈಪು ಬಾಗಿಸಿದ ಅಳತೆ, ಅಷ್ಟೇ. ಹಲಗೆಯ ಅಡಿಯಲ್ಲಿ ಆ ಮಾತನ್ನೂ ಒಂದು ಸಾಲು ಬರೆದೆ.

ಇನ್ನು ಕೊಳಕುಮಂಡಲ. ಹಾವು ಅಂದ ಮೇಲೆ ಮೊಟ್ಟೆ ಅಂತ ನಾಗರಹಾವಿನ ಪಕ್ಕ ಹಾಕಿದ್ದರು. ನಾಗರಹಾವು, ಕೇರೆಹಾವು ಮೊಟ್ಟೆ ಇಡುತ್ತವೆ ನಿಜ. ಕೊಳಕುಮಂಡಲ ಮರಿ ಹಾಕುತ್ತದೆ. ಹಾರುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಹಾಲು ಕುಡಿಸುವುದಿಲ್ಲ. ಅದಕ್ಕೆ ಮೂರು ಬಳೆಗಳಲ್ಲೂ ಜಾಗವಿಲ್ಲ. ಸುತ್ತ ಉಳಿದಿತ್ತಲ್ಲ ಅರ್ಧ ಗೇಣು ಜಾಗ, ಅದು ಈಗ ಎಂಟನೇ ಭಾಗ. ಮೂಲೆಯಲ್ಲಿ 'ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ' ಅಂತ ಪಟ್ಟಿ ಬಿಗಿದು ಎರಡು ಕೊಕ್ಕೆ ಹಾಕಿದೆ. ಹಲಗೆಯ ನೆತ್ತಿಗೆ 'ಪ್ರಾಣಿಗಳು' ಅಂತ ಬರೆದು ಅಂಚಿಗೆ ಸುತ್ತ ಕಪ್ಪು ಗೆರೆ ಎಳೆದೆ.

ಕೊಕ್ಕೆಗಳ ಬಗ್ಗೆ ಒಂದು ಮಾತು. ಮೊದಲು ಪೈಪಿಗೆ ಹತ್ತಿರವೇ ಹಾಕಿದ್ದೆ. ಕಾರ್ಡಿನ ಅಂಚು ಪೈಪಿನ ಮೇಲೆ ಏರಿ ಕೂರುತ್ತಿತ್ತು. ಕೋಳಿ ಹಾಗೆ ಅಡ್ಡ ಕೂತಾಗ ಮಕ್ಕಳು "ಕೋಳಿ ಅರ್ಧ ಹಾರುತ್ತೆ, ಅದಕ್ಕೇ" ಅಂತ ಅರ್ಥ ಮಾಡಿಕೊಂಡರು. ಬಳೆಯ ಲೆಕ್ಕದಲ್ಲಿ ಅರ್ಧ ಅನ್ನುವುದಿಲ್ಲ, ಒಳಗೆ ಇಲ್ಲವೇ ಹೊರಗೆ. ಎಲ್ಲ ಕೊಕ್ಕೆಗಳನ್ನೂ ಪೈಪಿನಿಂದ 5 ಸೆಂ.ಮೀ. ಒಳಕ್ಕೆ ಸರಿಸಿದೆ. ಕೋಳಿ ರೆಕ್ಕೆ ಬಡಿದು ಚಾವಣಿ ಏರುತ್ತದೆ, ಹಾಗಾಗಿ ಕೆಂಪು ಬಳೆಯ ಒಳಗೆ. ಉಷ್ಟ್ರಪಕ್ಷಿ ಹೊರಗೆ.

ನಾಲ್ಕನೇ ಬಳೆ ಕೇಳಿದರು

'ನೀರಲ್ಲಿ ಊಟ ಹುಡುಕುವವು' ಅಂತ ಇನ್ನೊಂದು ಬಳೆ ಹಾಕಿ ಅಂತ ದೊಡ್ಡ ಮಕ್ಕಳು ಹಿಂದೆ ಬಿದ್ದರು. ಪೈಪೂ ಉಳಿದಿತ್ತು, ಹಸಿರು ಟೇಪೂ ಇತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿದೆವು. ನಾಲ್ಕು ಗುಣಕ್ಕೆ ಹೊರಗಿನದೂ ಸೇರಿ 16 ಭಾಗ ಬೇಕು. ನಾಲ್ಕು ವೃತ್ತಗಳನ್ನು ಹೇಗೆ ಇಟ್ಟರೂ 14ಕ್ಕಿಂತ ಜಾಸ್ತಿ ಬರುವುದಿಲ್ಲ. ಚೌಕದ ಮೂಲೆಗಳಲ್ಲಿ ಇಟ್ಟರೆ ಎದುರುಬದುರು ಇರುವ ಜೋಡಿಗಳಿಗೆ ಮಾತ್ರ ಅಂತ ಬೇರೆ ಜಾಗ ಸಿಗುವುದಿಲ್ಲ. ಮೊಟ್ಟೆ ಮತ್ತು ಹಾಲನ್ನು ಎದುರುಬದುರು ಇಟ್ಟೆವು. ಪ್ಲಾಟಿಪಸ್ಸಿಗೆ ತೊಂದರೆಯಿಲ್ಲ, ಅದು ನೀರಲ್ಲೂ ಊಟ ಹುಡುಕುತ್ತದೆ. ಇರುವೆ, ಗೆದ್ದಲು ತಿಂದುಕೊಂಡಿರುವ ಎಕಿಡ್ನಾ ಮೊಟ್ಟೆ ಇಡುತ್ತದೆ, ಹಾಲನ್ನೂ ಕುಡಿಸುತ್ತದೆ, ನೀರಿನ ಹಂಗಿಲ್ಲ. ಅದನ್ನು ಇಡಲು ಜಾಗವೇ ಇಲ್ಲ. ವೆನ್ ಕೂಡ ನಾಲ್ಕಕ್ಕೆ ವೃತ್ತ ಬಿಟ್ಟು ಮೊಟ್ಟೆಯಾಕಾರದ ಗೆರೆ ಹಿಡಿದಿದ್ದ. ಡ್ರಿಪ್ ಪೈಪನ್ನು ಆ ಆಕಾರಕ್ಕೆ ಬಾಗಿಸಬಹುದು, ಆದರೆ 16 ತುಂಡಿಗೆ 16 ಪಟ್ಟಿ ಬರೆದು ಯಾರು ಓದುತ್ತಾರೆ? ಬೇಡ ಅಂದೆ.

ಹಲಗೆ ಗೋಡೆಗೇರಿ ಎರಡು ವಾರವಾದ ಮೇಲೆ ಹೋಗಿದ್ದೆ. ಹಳದಿ ಟೇಪು ಒಂದು ಕಡೆ ಬಿಚ್ಚಿಕೊಂಡಿತ್ತು, ಒತ್ತಿ ಕೂರಿಸಿದೆ. ಕೆಂಪು ಬಳೆಯ ಒಂಟಿ ತುಂಡಿನಲ್ಲಿ, ಸಸ್ಯಹೇನಿನ ಪಕ್ಕ, ಹೊಸ ಕಾರ್ಡೊಂದು ನೇತಾಡುತ್ತಿತ್ತು. ವಿಮಾನ. ನಾನು ಏನೂ ಹೇಳಲಿಲ್ಲ. ಮೂರನೇ ಕ್ಲಾಸಿನವನೊಬ್ಬ ಬಂದು ಕೆಂಪು ಪಟ್ಟಿ ಓದಿದ. "ರೆಕ್ಕೆ ಬಡಿಯಲ್ಲ ಇದು" ಅಂತ ತೆಗೆದು ಕೊಳಕುಮಂಡಲದ ಪಕ್ಕ ಹಾಕಿದ. ಅವನ ಅಕ್ಕ ಹಿಂದಿನಿಂದ ಬಂದು ತಲೆಗೊಂದು ಮೊಟಕಿ, ಹಲಗೆಯ ನೆತ್ತಿ ತೋರಿಸಿದಳು. ಅವನು 'ಪ್ರಾಣಿಗಳು' ಅಂತ ಗಟ್ಟಿಯಾಗಿ ಓದಿ, ವಿಮಾನ ಬಿಚ್ಚಿ ತಂದು ನನ್ನ ಕೈಗೆ ಕೊಟ್ಟ.